ಚೀಟಿಯ ಫೋಟೊ ಹೋಗಿದೆ, ಟೈಪ್ ಮಾಡಿದ್ದು ಮಾತ್ರ ಉಳಿದಿದೆ: Mor ಅಂದ್ರೆ ಬೆಳಿಗ್ಗೆ ತಾನೇ?

ಗಂಗಾವತಿ_ಗದ್ದೆ · ಶುಕ್ರವಾರ, ಸಂಜೆ 5:40

ಅಮ್ಮನಿಗೆ 58 ವರ್ಷ. ಕೈಬೆರಳ ಗಂಟು ಬಾತುಕೊಳ್ಳುವ ಸಂಧಿವಾತ. ಬಳ್ಳಾರಿಯ ಕೀಲುವಾತದ ಡಾಕ್ಟರ್ ಕೈಯಲ್ಲಿ ಬರೆದ ಚೀಟಿ ಮಳೆಗೆ ನೆನೆದು ಶಾಯಿ ಕದಡಿದೆ. ಫೋಟೊ ನನ್ನ ಫೋನಿನಲ್ಲಿತ್ತು, ಫೋನ್ ರೀಸೆಟ್ ಮಾಡಿಸಿದಾಗ ಅದೂ ಹೋಯಿತು. ಫೋಟೊ ಇದ್ದಾಗ ನೋಡಿಕೊಂಡು ಟೈಪ್ ಮಾಡಿ ಅಕ್ಕನಿಗೆ ಕಳಿಸಿದ ಮೆಸೇಜ್ ಒಂದು ಉಳಿದಿದೆ:

```
Tab Folitex 7.5   1 Mor
Tab Folvite 5     1
Tab HCQ 200       0-0-1
Tab Pan 40        1-0-0
x 1/12
```

ಇದನ್ನೇ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು ಅಡುಗೆಮನೆ ಗೋಡೆಗೆ ಅಂಟಿಸಬೇಕು ಅಂದುಕೊಂಡಿದ್ದೇನೆ. ಅಮ್ಮನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಮೊದಲ ಸಾಲು "ಬೆಳಿಗ್ಗೆ ಒಂದು" ಅಂತ ಹಾಕಿದರೆ ಸರಿಯಲ್ಲವೇ? ಎರಡನೇ ಸಾಲಿನ ಕೊನೆಯಲ್ಲಿ ಇನ್ನೂ ಏನೋ ಇತ್ತು, ಓದಲು ಬರಲಿಲ್ಲ ಅಂತ ಬಿಟ್ಟಿದ್ದೆ.

---

ಸಿರುಗುಪ್ಪ_ಡಿಟಿಪಿ · ಸಂಜೆ 5:58

ಟೈಪಿಂಗ್ ನಂದೇ ಕೆಲಸ, ಅದಕ್ಕೆ ಹೇಳ್ತೀನಿ. ಕನ್ನಡಕ್ಕೆ ತಿರುಗಿಸೋ ಮುಂಚೆ ಇಂಗ್ಲಿಷಲ್ಲಿ ಸಾಲು ಸಾಲಾಗಿ ಇದ್ದಂಗೇ ಹೊಡೀರಿ. ಔಷಧಿ ಹೆಸರು ಕನ್ನಡದಲ್ಲಿ ಬರೆದ್ರೆ ಕಾಗುಣಿತ ಕಳೆದುಹೋಗುತ್ತೆ. ಆಮೇಲೆ ಮೆಡಿಕಲ್‌ನವನು ಅದನ್ನ ಮತ್ತೆ ಇಂಗ್ಲಿಷಿಗೆ ತಿರುಗಿಸಿಕೊಂಡು ಹುಡುಕಬೇಕು, ಎರಡು ಸಲ ಅಳ್ಳಾಡಿದ ಅಕ್ಷರ ಎಲ್ಲಿಗೆ ಹೋಗುತ್ತೋ ಹೇಳಕ್ಕಾಗಲ್ಲ. ಫೋನಿನ ಕೀಬೋರ್ಡಲ್ಲಿ ತಾನಾಗೇ ತಿದ್ದೋ ಸೌಲಭ್ಯ ಆಫ್ ಮಾಡಿ. ಅದಕ್ಕೆ ಔಷಧಿ ಹೆಸರು ಗೊತ್ತಿರಲ್ಲ, ತನಗೆ ಗೊತ್ತಿರೋ ಪದ ತಂದು ಕೂರಿಸುತ್ತೆ. ಬಾಯಲ್ಲಿ ಹೇಳಿ ಟೈಪ್ ಮಾಡಿಸೋದಂತೂ ಬೇಡವೇ ಬೇಡ.

ಮೇಲ್ಗಡೆ ಡಾಕ್ಟರ್ ಹೆಸರು, ಅವರ ನೋಂದಣಿ ಸಂಖ್ಯೆ, Rx ಗುರುತು ಹಾಕಿ ನೀಟಾಗಿ ಒಂದು ಚೀಟಿ ಥರ ಮಾಡಿಕೊಡ್ತೀನಿ ಬೇಕಾದ್ರೆ. ಹಂಗಿದ್ರೆ ಅಂಗಡಿಯಲ್ಲಿ ಕೇಳೋದೂ ಸುಲಭ. Mor ಅಂದ್ರೆ ಬೆಳಿಗ್ಗೇನೇ, ಅದರಲ್ಲಿ ಅನುಮಾನ ಏನೈತೆ?

---

ಗುಳಿಗಿ_ಲೆಕ್ಕ · ಸಂಜೆ 6:10

ಗಂಗಾವತಿಯವರೇ, ಪ್ರಿಂಟ್ ತೆಗೆಯಬೇಡಿ. ಇನ್ನೂ ತೆಗೆದಿಲ್ಲ ತಾನೇ? ನಾನು ಕೊಪ್ಪಳ ಕಡೆಯ ಫಾರ್ಮಾಸಿಸ್ಟ್. ಮೊದಲ ಸಾಲಿನ ಆ ಮೂರಕ್ಷರ ನೋಡಿ ಬರೆಯುತ್ತಿದ್ದೇನೆ.

ಫೋಲಿಟೆಕ್ಸ್ ಅಂತ ನೀವು ಬರೆದಿರುವುದು ಬಹುಪಾಲು ಫೋಲಿಟ್ರಾಕ್ಸ್ ಇರಬೇಕು. ಅದರಲ್ಲಿರುವುದು ಮೆಥೋಟ್ರೆಕ್ಸೇಟ್, ಸಂಧಿವಾತಕ್ಕೆ ಕೊಡುವ ಮುಖ್ಯ ಔಷಧ. 7.5 ಮಿಲಿಗ್ರಾಂ ಗುಳಿಗೆ ಅದರಲ್ಲಿ ಇದೆ. ಆದರೆ ಸಂಧಿವಾತಕ್ಕೆ ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಅನೇಕ ಡಾಕ್ಟರುಗಳು ವಾರದ ಯಾವ ದಿನ ಎಂದು ಪಕ್ಕದಲ್ಲೇ ಬರೆದುಬಿಡುತ್ತಾರೆ. ಸೋಮವಾರವಾದರೆ Mon. ಕೈಬರಹದಲ್ಲಿ ಕೊನೆಯ n ಸ್ವಲ್ಪ ಮೊಟಕಾದರೆ r ಆಗಿ ಕಾಣುತ್ತದೆ, ಸೋಮವಾರ ಹೋಗಿ ಬೆಳಿಗ್ಗೆ ಬರುತ್ತದೆ. ಇದು ನಾನು ಊಹಿಸಿ ಹೇಳುತ್ತಿರುವ ಅಪಾಯವಲ್ಲ, ಈ ಔಷಧದ ವಿಷಯದಲ್ಲಿ ಹೊರದೇಶಗಳಲ್ಲೂ ದಾಖಲಾಗಿರುವ ತಪ್ಪು.

ಗೋಡೆಗೆ "ಬೆಳಿಗ್ಗೆ ಒಂದು" ಅಂತ ಅಂಟಿಸಿದರೆ ವಾರದಲ್ಲಿ 7.5 ಹೋಗಬೇಕಾದಲ್ಲಿ 52.5 ಮಿಲಿಗ್ರಾಂ ಹೋಗುತ್ತದೆ. ಈ ಔಷಧ ಜೀವಕೋಶಗಳು ಹೊಸದಾಗಿ ಹುಟ್ಟುವುದನ್ನು ತಡೆಯುತ್ತದೆ. ಆದ್ದರಿಂದ ಏಟು ಮೊದಲು ಬೀಳುವುದು ಬೇಗ ಬೇಗ ಹುಟ್ಟುವ ಕಡೆಗೆ: ಬಾಯೊಳಗಿನ ಚರ್ಮ, ಕರುಳು, ಮೂಳೆಯೊಳಗೆ ರಕ್ತ ತಯಾರಾಗುವ ಜಾಗ. ಬಾಯಲ್ಲಿ ಹುಣ್ಣು, ಊಟ ನುಂಗಲು ಆಗದಿರುವುದು, ಜ್ವರ, ಮೈಮೇಲೆ ನೀಲಿ ಕಲೆ. ಇದರಿಂದ ಸತ್ತವರೂ ಇದ್ದಾರೆ.

ಈಗ ಮೂರು ವಿಷಯ ಹೇಳಿ. ಅಮ್ಮ ಸದ್ಯ ಯಾವ ಗುಳಿಗೆ ಹೇಗೆ ತೆಗೆದುಕೊಳ್ಳುತ್ತಿದ್ದಾರೆ? ಮನೆಯಲ್ಲಿ ಸ್ಟ್ರಿಪ್ ಇವೆಯೇ, ಪ್ರತಿಯೊಂದರಲ್ಲಿ ಎಷ್ಟು ಉಳಿದಿವೆ? ಅಂಗಡಿಯ ಬಿಲ್ ಇದೆಯೇ? ಬಾಯಿ ಹುಣ್ಣು, ಜ್ವರ ಇದ್ದರೆ ಇಲ್ಲಿ ಬರೆಯುತ್ತ ಕೂರಬೇಡಿ, ಸ್ಟ್ರಿಪ್ ಸಮೇತ ದವಾಖಾನೆಗೆ ಹೊರಡಿ.

---

ಮಾನ್ವಿ_ಮಾವ · ಸಂಜೆ 6:21

ಚೀಟಿ ತಿಳಿಯಂಗಿಲ್ಲ ಅಂತ ನಮ್ಮ ಮನ್ಯಾಗೂ ಇದೇ ಗೋಳು. ನನಗ ಇನ್ಸುಲಿನ್ ಬರದಾರ, 6 ಆದಮ್ಯಾಗ U ಅಂತ ಒಂದು ಅಕ್ಷರ ಅದ. ಸೊಸಿ ಅದನ್ನ 60 ಅಂತ ಓದಿದ್ಲು. ಇದಕ್ಕೇನು ಮಾಡಬೇಕ್ರಿ? ಫೋಟೊ ತೆಗೆದು ಹಾಕ್ಲೇನು?

---

ಗುಳಿಗಿ_ಲೆಕ್ಕ · ಸಂಜೆ 6:27

ಮಾವ್ರ, ನಿಮ್ಮದು ಬೇರೆ ವಿಷಯ, ಆದರೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆ U ಸೊನ್ನೆಯಂತೆ ಕಾಣುವುದು ಹಳೇ ಕಾಟ. ಟೈಪ್ ಮಾಡುವಾಗ "6 ಯೂನಿಟ್" ಅಂತ ಪೂರ್ತಿ ಪದ ಬರೆಯಿರಿ. ಆದರೆ ಬರೆಯುವ ಮುಂಚೆ 6 ಹೌದೋ 60 ಹೌದೋ ಡಾಕ್ಟರನ್ನೇ ಕೇಳಬೇಕು, ಸೊಸೆಯನ್ನೂ ನನ್ನನ್ನೂ ಅಲ್ಲ. ಸಿರಿಂಜಿನ ಮುಚ್ಚಳ ಕೆಂಪೋ ಕಿತ್ತಳೆಯೋ ನೋಡಿ: ಕೆಂಪು 40ರ ಬಾಟಲಿಗೆ, ಕಿತ್ತಳೆ 100ರದಕ್ಕೆ. ಬಾಟಲಿ ಮೇಲಿನ ಸಂಖ್ಯೆಗೆ ಹೊಂದಬೇಕು. ಫೋಟೊ ಇಲ್ಲಿ ಹಾಕಬೇಡಿ, ಹೆಸರು ಫೋನ್ ನಂಬರ್ ಎಲ್ಲ ಇರುತ್ತದೆ. ನಾಳೆ ಇನ್ಸುಲಿನ್ ಕೊಂಡ ಅಂಗಡಿಗೇ ಚೀಟಿ ಒಯ್ಯಿರಿ.

---

ಗಂಗಾವತಿ_ಗದ್ದೆ · ಸಂಜೆ 6:49

ಪ್ರಿಂಟ್ ತೆಗೆದಿಲ್ಲ ಸರ್. ಓದಿ ಕೈಕಾಲು ತಣ್ಣಗಾಯಿತು. ಊರಿಗೆ ಫೋನ್ ಮಾಡಿ ಅಕ್ಕನ ಹತ್ತಿರ ಎಣಿಸಿಸಿದೆ. ಹುಣ್ಣು, ಜ್ವರ ಏನೂ ಇಲ್ಲ.

ಬಿಲ್ ಸಿಕ್ಕಿತು. ಅದರಲ್ಲಿ ಫೋಲಿಟ್ರಾಕ್ಸ್ 7.5 ನಾಲ್ಕು, ಫೋಲ್ವೈಟ್ 5 ನಲವತ್ತೈದು, ಎಚ್‌ಸಿಕ್ಯು 200 ಮೂವತ್ತು, ಪ್ಯಾನ್ 40 ಮೂವತ್ತು. ಗುಳಿಗೆ ಶುರು ಮಾಡಿದ್ದು ಸೋಮವಾರ, ಇವತ್ತಿಗೆ 19 ದಿನ. ಈಗ ಉಳಿದಿರುವುದು: ಫೋಲಿಟ್ರಾಕ್ಸ್ ಅಂದುಕೊಂಡಿರುವುದು 1, ಫೋಲ್ವೈಟ್ 29, ಎಚ್‌ಸಿಕ್ಯು 12, ಪ್ಯಾನ್ 11. "ಅಂದುಕೊಂಡಿರುವುದು" ಅಂದೆ, ಏಕೆಂದರೆ ಆ ಸ್ಟ್ರಿಪ್ಪನ್ನು ಕತ್ತರಿಸಿ ಕೊಟ್ಟಿದ್ದಾರೆ, ಹಿಂದೆ ಪೂರ್ತಿ ಹೆಸರು ಇಲ್ಲ, "...ax 7" ಅಂತ ತುದಿ ಮಾತ್ರ ಇದೆ.

ಅಮ್ಮ ಹೇಳುವುದು "ದಿನಾ ಒಂದು ಹಳದಿ ಗುಳಿಗಿ ತಗೋತೀನಿ". ಎರಡೂ ಹಳದಿಯೇ ಇವೆ. ಯಾವುದು ಅಂತ ಕೇಳಿದರೆ "ಹಳದೀದು" ಅಂತಾರೆ.

---

ಬಿಸಿಲೂರು_ರಾಯಚೂರು · ಸಂಜೆ 6:58

ಇಷ್ಟ್ಯಾಕ ಹೆದರಿಸ್ತೀರಿ? ಫೋಲಿ, ಫೋಲ್ ಎರಡೂ ಒಂದೇ ಜಾತಿ ಅವ, ಫೋಲಿಕ್ ಆಸಿಡ್ ವಿಟಮಿನ್. ಬಸುರಿ ಹೆಂಗಸರಿಗೆ ಕೊಡ್ತಾರಲ್ಲ, ಅದೇ. ಒಂದು ಕಂಪನಿದು ಐದು, ಇನ್ನೊಂದು ಏಳೂವರಿ. ಮತ್ತ 1/12 ಅಂತ ಕೆಳಗ ಬರದದ ನೋಡ್ರಿ, 12 ತಾಸಿಗೆ ಒಂದು ಅಂತ.

---

ಗುಳಿಗಿ_ಲೆಕ್ಕ · ಸಂಜೆ 7:15

ಬಿಸಿಲೂರಿನವರೇ, ನೀವು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಅದೇ ತೊಂದರೆ. ಎರಡನೆಯದು ಫೋಲಿಕ್ ಆಸಿಡ್ ಹೌದು. ಮೊದಲನೆಯದು ಅದಲ್ಲ. ಅದು ದೇಹದಲ್ಲಿ ಫೋಲಿಕ್ ಆಸಿಡ್ ಮಾಡುವ ಕೆಲಸವನ್ನು ತಡೆಯುವ ಔಷಧ. ಹೆಸರಿನ ಮುಂದೆ ಫೋಲಿ ಅಂತ ಇರುವುದನ್ನು ನೋಡಿ ವಿಟಮಿನ್ ಅಂದುಕೊಂಡರೆ ಅರ್ಥ ತಲೆಕೆಳಗಾಗುತ್ತದೆ. ಒಂದು ತಡೆಯುತ್ತದೆ, ಇನ್ನೊಂದು ಆ ತಡೆಯಿಂದ ಆಗುವ ಹುಣ್ಣು ವಾಕರಿಕೆ ಕಡಿಮೆ ಮಾಡಲು ಜೊತೆಗೆ ಕೊಡುವುದು. ಒಂದೇ ಚೀಟಿಯಲ್ಲಿ ಒಂದರ ಕೆಳಗೆ ಒಂದು ಬರುತ್ತವೆ, ಎರಡೂ ಫೋಲ್ ಅಂತ ಶುರು, ಎರಡೂ ಚಿಕ್ಕವು, ಎರಡೂ ಹಳದಿ. ಬಣ್ಣ ನೋಡಿ ಗುರುತಿಸುವುದು ಇಲ್ಲಿ ಕೆಲಸಕ್ಕೆ ಬರದು.

1/12 ಅಂದರೆ ಒಂದು ತಿಂಗಳು. ವರ್ಷದ ಹನ್ನೆರಡರಲ್ಲಿ ಒಂದು. ಹಾಗೆಯೇ 5/7 ಅಂದರೆ ಐದು ದಿನ, 2/52 ಅಂದರೆ ಎರಡು ವಾರ. ಹನ್ನೆರಡು ತಾಸಿಗೊಮ್ಮೆ ಅಂತ ಓದಿದರೆ ಆ ಸಾಲಿನ ಮೇಲಿರುವ ನಾಲ್ಕೂ ಔಷಧ ದಿನಕ್ಕೆ ಎರಡೆರಡು ಆಗುತ್ತವೆ.

ಈಗ ಎಣಿಕೆ ನೋಡೋಣ. ಗಂಗಾವತಿಯವರು ಒಳ್ಳೇ ಲೆಕ್ಕ ಕೊಟ್ಟಿದ್ದಾರೆ. ಪ್ಯಾನ್ ಬೆಳಿಗ್ಗೆ ಒಂದು: 30ರಲ್ಲಿ 19 ಹೋದರೆ 11. ಸರಿ ಇದೆ. ಎಚ್‌ಸಿಕ್ಯು ರಾತ್ರಿಯದು, ಇವತ್ತಿನದು ಇನ್ನೂ ನುಂಗಿಲ್ಲ, ಆದ್ದರಿಂದ 18 ಹೋಗಿ 12. ಅದೂ ಸರಿ. ಅಂದರೆ ಅಮ್ಮ ತಪ್ಪದೆ ತೆಗೆದುಕೊಳ್ಳುವವರು, ಎಣಿಕೆಯನ್ನು ನಂಬಬಹುದು.

ಫೋಲಿಟ್ರಾಕ್ಸ್ ನಾಲ್ಕರಲ್ಲಿ 3 ಹೋಗಿವೆ. ಸೋಮವಾರ ಶುರು ಮಾಡಿದವರಿಗೆ 19 ದಿನದೊಳಗೆ ಸೋಮವಾರ ಬಂದದ್ದು ಮೂರು ಸಲ: ಒಂದನೇ ದಿನ, ಎಂಟನೇ ದಿನ, ಹದಿನೈದನೇ ದಿನ. ಫೋಲ್ವೈಟ್ 45ರಲ್ಲಿ 16 ಹೋಗಿವೆ. 19ರಲ್ಲಿ ಆ ಮೂರು ದಿನ ಕಳೆದರೆ 16. ಆ ಮೂರು ದಿನ ಫೋಲ್ವೈಟ್ ಬಿಟ್ಟು, ಉಳಿದ ದಿನ ಒಂದೊಂದು ತೆಗೆದುಕೊಂಡಿದ್ದಾರೆ. "ದಿನಾ ಒಂದು ಹಳದಿ" ಅಂದದ್ದು ಇದಕ್ಕೇ ಇರಬೇಕು, ಸೋಮವಾರದ ಹಳದಿ ಬೇರೆ, ಉಳಿದ ದಿನದ ಹಳದಿ ಬೇರೆ. ಅಂಗಡಿಯವರು ಏನು ಹೇಳಿ ಕೊಟ್ಟಿದ್ದರು ಅಂತ ಅಮ್ಮನನ್ನೇ ಕೇಳಿ.

---

ಗಂಗಾವತಿ_ಗದ್ದೆ · ಸಂಜೆ 7:33

ಕೇಳಿದೆ. "ಸಂತಿ ದಿನ ಸಣ್ಣ ತುಂಡಿನಾಗಿಂದು ಒಂದು, ಉಳಿದ ದಿನ ಉದ್ದ ಪಟ್ಟಿ ಒಳಗಿಂದು ಅಂತ ಹೇಳ್ಯಾನ" ಅಂದರು. ನಮ್ಮೂರ ಸಂತೆ ಸೋಮವಾರ. ಅಂದರೆ ಅಮ್ಮ ಸರಿಯಾಗಿಯೇ ತೆಗೆದುಕೊಳ್ಳುತ್ತಿದ್ದರು, ನಾನು ಗೋಡೆಗೆ ಕಾಗದ ಅಂಟಿಸಿ ಕೆಡಿಸಲು ಹೊರಟಿದ್ದೆ.

ಹಾಗಾದರೆ ಇನ್ನು ಟೈಪ್ ಮಾಡಬಹುದಲ್ಲ? Mon ಅಂತ ತಿದ್ದಿ, ಫೋಲ್ವೈಟ್ ಮುಂದೆ "ಸೋಮವಾರ ಬಿಟ್ಟು ದಿನಾ ಒಂದು" ಅಂತ ಸೇರಿಸಿಬಿಡುತ್ತೇನೆ.

---

ಗುಳಿಗಿ_ಲೆಕ್ಕ · ಸಂಜೆ 7:52

ಅಲ್ಲೇ ಸ್ವಲ್ಪ ನಿಲ್ಲಿ. ಈಗ ನಮಗೆ ಗೊತ್ತಾಗಿರುವುದು ಅಮ್ಮ ಏನು ನುಂಗಿದರು ಎಂಬುದು. ಡಾಕ್ಟರ್ ಏನು ಬರೆದಿದ್ದರು ಎಂಬುದಲ್ಲ. ಎರಡರ ನಡುವೆ ಅಂಗಡಿಯವರ ಓದು ಇದೆ. ಅವರು ಸರಿಯಾಗಿಯೇ ಓದಿರಬಹುದು, ನನಗೂ ಹಾಗೇ ಅನ್ನಿಸುತ್ತದೆ. ಆದರೆ ನಿಮ್ಮ ಕಾಗದದ ಮೇಲೆ ಅದು "ಡಾಕ್ಟರ್ ಬರೆದದ್ದು" ಅಂತ ಬರಬಾರದು.

ನಾಲ್ಕು ಗುಳಿಗೆ ಕೊಟ್ಟದ್ದು ಬಲವಾದ ಸಾಕ್ಷಿ. ಹತ್ತರ ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕೇ ಕೊಡಬೇಕಾದರೆ ಯಾರೋ ಲೆಕ್ಕ ಹಾಕಿದ್ದಾರೆ, ನಾಲ್ಕು ವಾರಕ್ಕೆ ನಾಲ್ಕು. ಆದರೂ ಅಂಗಡಿಯಲ್ಲಿ ಅಷ್ಟೇ ಉಳಿದಿತ್ತು ಅಂತಲೂ ಆಗಿರಬಹುದು, ಅಂಥದ್ದೂ ನಡೆಯುತ್ತದೆ. ಫೋಲ್ವೈಟ್ 45 ಇರುವುದರಿಂದ ಏನೂ ತಿಳಿಯುವುದಿಲ್ಲ. ಅದರ ಸ್ಟ್ರಿಪ್ ಬರುವುದೇ 45ಕ್ಕೆ, ಬೆಲೆ ಕಡಿಮೆ, ಕತ್ತರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಮತ್ತೆ ಫೋಲಿಕ್ ಆಸಿಡ್ ಕೊಡುವ ಕ್ರಮ ಡಾಕ್ಟರಿಂದ ಡಾಕ್ಟರಿಗೆ ಬೇರೆ. ಒಬ್ಬರು ಮೆಥೋಟ್ರೆಕ್ಸೇಟ್ ದಿನ ಬಿಟ್ಟು ಉಳಿದ ಆರೂ ದಿನ ಬರೆಯುತ್ತಾರೆ, ಒಬ್ಬರು ಮಾರನೇ ದಿನ ಮಾತ್ರ, ಇನ್ನೊಬ್ಬರು ವಾರಕ್ಕೆ ಎರಡು. ನೀವು ಓದಲಾಗದೆ ಬಿಟ್ಟ ಆ ತುಂಡಿನಲ್ಲಿ ಇದ್ದದ್ದು ಅದೇ ಇರಬೇಕು.

ಓದಲು ಬಾರದ ಪದವನ್ನು ಗುರುತೇ ಇಲ್ಲದೆ ಬಿಟ್ಟದ್ದು ನೀವು ಮಾಡಿದ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ, Mor ಅಂತ ತಪ್ಪು ಓದಿದ್ದಕ್ಕಿಂತ ದೊಡ್ಡದು. Mor ಅಂತ ಇದ್ದುದರಿಂದಲೇ ನನಗೆ ಅನುಮಾನ ಬಂತು. ಬಿಟ್ಟ ಜಾಗ ಅನುಮಾನವನ್ನೇ ಹುಟ್ಟಿಸುವುದಿಲ್ಲ, ಸಾಲು ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಇಲ್ಲಿ ಹೇಳದೇ ಹೋಗಿದ್ದರೆ ಅಲ್ಲೊಂದು ಪದ ಇತ್ತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

---

ಸಿರುಗುಪ್ಪ_ಡಿಟಿಪಿ · ರಾತ್ರಿ 8:05

Mor ಬಗ್ಗೆ ನಾನು ಹೇಳಿದ್ದು ತಪ್ಪಾಯ್ತು, ವಾಪಸ್ ತಗೊಂಡೆ. ಹಳೇ ದಸ್ತಾವೇಜು ಟೈಪ್ ಮಾಡುವಾಗ ನಾವು ಒಂದು ಪದ್ಧತಿ ಇಟ್ಕೊಂಡಿದೀವಿ, ಅದು ಇಲ್ಲಿಗೂ ಬರುತ್ತೆ. ಓದಕ್ಕೆ ಬಾರದ ಪದಕ್ಕೆ ಚೌಕ ಕಂಸದಲ್ಲಿ ಪ್ರಶ್ನೆ ಗುರುತು ಹಾಕ್ತೀವಿ. ಎರಡು ಥರ ಓದಬಹುದು ಅನ್ನಿಸಿದ್ರೆ ಎರಡನ್ನೂ ಅಡ್ಡಗೆರೆ ಹಾಕಿ ಬರೀತೀವಿ, ಒಂದನ್ನ ಆರಿಸಲ್ಲ. ಕಾಗುಣಿತ ತಿದ್ದಲ್ಲ. ಚೀಟಿಯಲ್ಲಿ OD ಅಂತಿದ್ರೆ OD ಅಂತಾನೇ, ಅದನ್ನ ಬಿಡಿಸಿ ಬರೆಯೋದು ಓದಿದವನ ಕೆಲಸ, ಟೈಪ್ ಮಾಡೋನ ಕೆಲಸ ಅಲ್ಲ.

ಆ ಚೀಟಿ ಥರ ಮಾಡಿಕೊಡ್ತೀನಿ ಅಂದಿದ್ನಲ್ಲ, ಅದರಲ್ಲಿ ಏನಾದ್ರೂ ತಪ್ಪೈತಾ? ಸಹಿ ಅಂತೂ ಹಾಕಲ್ಲ.

---

ಗುಳಿಗಿ_ಲೆಕ್ಕ · ರಾತ್ರಿ 8:20

ತಪ್ಪಿದೆ. ಸಹಿ ಇಲ್ಲದಿದ್ದರೂ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ, Rx ಎಲ್ಲ ಹಾಕಿದರೆ ಅದು ಅವರು ಕೊಟ್ಟ ಚೀಟಿ ಅನ್ನುವ ಹಾಗೆ ಕಾಣುತ್ತದೆ. ಅವರು ಕೊಡದ ಚೀಟಿಯನ್ನು ಅವರ ಹೆಸರಲ್ಲಿ ತಯಾರಿಸಿದಂತಾಯಿತು. ನಾಳೆ ಅದರಲ್ಲಿ ಒಂದಂಕಿ ತಪ್ಪಿದ್ದರೆ ಹೊಣೆ ಯಾರದು? 1945ರ ಔಷಧ ನಿಯಮಗಳ 65ನೇ ನಿಯಮದಂತೆ ಚೀಟಿ ಬರಹದಲ್ಲಿರಬೇಕು, ಡಾಕ್ಟರ್ ಸಹಿ ಮತ್ತು ತಾರೀಖು ಇರಬೇಕು, ರೋಗಿಯ ಹೆಸರು ವಿಳಾಸ, ಔಷಧದ ಒಟ್ಟು ಪ್ರಮಾಣ, ತೆಗೆದುಕೊಳ್ಳುವ ಕ್ರಮ ಇರಬೇಕು. ನೀವು ಎಷ್ಟು ಅಂದವಾಗಿ ಟೈಪ್ ಮಾಡಿದರೂ ಅದು ಚೀಟಿ ಆಗುವುದಿಲ್ಲ, ನೆನಪಿನ ಟಿಪ್ಪಣಿ ಅಷ್ಟೇ. ತಲೆಬರಹದಲ್ಲೇ ಹಾಗೆ ಬರೆದುಬಿಡಿ.

ಇನ್ನೊಂದು ಮುಖ್ಯ. ಪ್ರತಿ ಸಾಲಿನ ಮುಂದೆ ಅದು ಎಲ್ಲಿಂದ ಬಂತು ಅಂತ ಬರೆಯಿರಿ. ಹಳೇ ಮೆಸೇಜಿನಿಂದಲೋ, ಬಿಲ್ಲಿನಿಂದಲೋ, ಸ್ಟ್ರಿಪ್ಪಿನಿಂದಲೋ, ಅಮ್ಮನ ಮಾತಿನಿಂದಲೋ. ನಾಲ್ಕಕ್ಕೂ ಒಂದೇ ತೂಕ ಇಲ್ಲ. ಸ್ಟ್ರಿಪ್ ಮೇಲೆ ಅಚ್ಚಾದ ಹೆಸರು, ಮಿಲಿಗ್ರಾಂ ತಪ್ಪುವುದು ತೀರಾ ಕಡಿಮೆ, ಆದರೆ ದಿನಕ್ಕೆ ಎಷ್ಟು ಅನ್ನುವುದು ಅದರಲ್ಲಿ ಇರುವುದಿಲ್ಲ. ಬಿಲ್ಲಿನಲ್ಲಿ ಎಷ್ಟು ಕೊಟ್ಟರು ಅಂತ ಸಿಗುತ್ತದೆ. ಮೆಸೇಜು ನೀವು ಓದಿದ್ದು, ಡಾಕ್ಟರ್ ಬರೆದದ್ದಲ್ಲ.

ಹೀಗೆ ಮಾಡಿ:

```
ಇದು ಡಾಕ್ಟರ್ ಚೀಟಿ ಅಲ್ಲ. ನೆನಪಿನ ಟಿಪ್ಪಣಿ.
1 Folitrax 7.5 mg (ಬಿಲ್)   "1 Mor/Mon [?]" (ಮೆಸೇಜ್)
  ಕೊಟ್ಟದ್ದು 4; ಸೋಮವಾರ 1 ತಗೊಂಡಿದ್ದಾರೆ (ಎಣಿಕೆ)
2 Folvite 5 mg (ಬಿಲ್)      "1 [ಮುಂದೆ ಓದಲಾಗಿಲ್ಲ]"
  ಸೋಮವಾರ ಬಿಟ್ಟು ದಿನಾ 1 ತಗೊಂಡಿದ್ದಾರೆ (ಎಣಿಕೆ)
3 HCQ 200 mg               "0-0-1" (ಮೆಸೇಜ್, ಎಣಿಕೆ)
4 Pan 40 mg                "1-0-0" (ಮೆಸೇಜ್, ಎಣಿಕೆ)
  "x 1/12"
ಟೈಪ್ ಮಾಡಿದವರು, ತಾರೀಖು:
```

ಅಂಕಿಯ ಕೊನೆಯಲ್ಲಿ ಸೊನ್ನೆ ಸೇರಿಸಲು ಹೋಗಬೇಡಿ. 5 ಇದ್ದರೆ 5, ಅದನ್ನು 5.0 ಮಾಡಿದರೆ ಚುಕ್ಕೆ ಅಳಿಸಿ 50 ಆಗುತ್ತದೆ. 7.5ರಲ್ಲಿ ಚುಕ್ಕೆ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡ ಅಕ್ಷರ ಇಡಿ.

ಇದು ಗೋಡೆಗೆ ಅಲ್ಲ, ಅಂಗಡಿಗೆ ಮತ್ತು ಡಾಕ್ಟರಿಗೆ ತೋರಿಸಲು.

---

ಬಿಸಿಲೂರು_ರಾಯಚೂರು · ರಾತ್ರಿ 8:31

ವಿಟಮಿನ್ ಅಂದದ್ದು ತಪ್ಪಾತು, ಒಪ್ಪಿದೆ. ಆದ್ರ ಒಂದು ಮಾತು ಕೇಳ್ತೀನಿ. ಡಾಕ್ಟರ್ ಕೈಬರಹ ಯಾರಿಗೂ ತಿಳಿಯಂಗಿಲ್ಲ, ಮೆಡಿಕಲ್‌ನಾವಗ ಮಾತ್ರ ಹ್ಯಾಂಗ ತಿಳೀತದ? ಅವನೂ ಅಂದಾಜಿನ ಮ್ಯಾಲೇ ಕೊಡೋದಲ್ಲೇನು?

---

ಗುಳಿಗಿ_ಲೆಕ್ಕ · ರಾತ್ರಿ 8:50

ಒಳ್ಳೇ ಪ್ರಶ್ನೆ. ನಮ್ಮ ಕಣ್ಣೇನೂ ಬೇರೆಯಲ್ಲ. ನಾವು ಅಕ್ಷರ ಒಂದನ್ನೇ ಓದುವುದಿಲ್ಲ, ಅಷ್ಟೇ ವ್ಯತ್ಯಾಸ. 7.5 ಅಂತ ಇದ್ದಾಗ ಆ ಶಕ್ತಿಯಲ್ಲಿ ಯಾವ ಗುಳಿಗೆ ತಯಾರಾಗುತ್ತದೆ ಅಂತ ನೋಡುತ್ತೇವೆ. ಫೋಲ್ವೈಟ್ 7.5 ಅಂತ ಇಲ್ಲ, ಅಲ್ಲಿಗೇ ಒಂದು ಓದು ಬಿದ್ದುಹೋಯಿತು. ಪಕ್ಕದಲ್ಲಿ ಎಚ್‌ಸಿಕ್ಯು ಇದೆ, ಅದೂ ಸಂಧಿವಾತಕ್ಕೆ ಕೊಡುವುದು. ಬರೆದವರು ಕೀಲುವಾತದವರು. ಅಲ್ಲಿಗೆ ಮೆಥೋಟ್ರೆಕ್ಸೇಟ್ ಅನ್ನುವುದು ಗಟ್ಟಿಯಾಗುತ್ತದೆ. ಆ ಹೆಸರು ಗಟ್ಟಿಯಾದ ಮೇಲೆ "ದಿನಾ ಒಂದು" ಅನ್ನುವ ಓದು ನಿಲ್ಲುವುದಿಲ್ಲ. ಹೆಸರು, ಶಕ್ತಿ, ಕ್ರಮ, ಒಟ್ಟು ಎಣಿಕೆ, ರೋಗಿಯ ವಯಸ್ಸು, ಪಕ್ಕದ ಔಷಧ, ಎಲ್ಲ ಒಂದಕ್ಕೊಂದು ಹೊಂದಬೇಕು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಅಂದಾಜು ಮಾಡಿ ಕೊಡುವುದು ನಮ್ಮ ಕೆಲಸದಲ್ಲಿ ಇಲ್ಲ. ಕೊಡುವವರು ಇಲ್ಲ ಅಂತ ನಾನು ಹೇಳುತ್ತಿಲ್ಲ.

ಆದ್ದರಿಂದ ಅಂಗಡಿಗೆ ಹೋದಾಗ ಕೌಂಟರಿನಲ್ಲಿ ನಿಂತ ಹುಡುಗನಿಗೆ ಕಾಗದ ಕೊಟ್ಟು ಬರಬೇಡಿ. "ಫಾರ್ಮಾಸಿಸ್ಟ್ ಯಾರು, ಅವರ ಜೊತೆ ಮಾತಾಡಬೇಕು" ಅಂತ ಕೇಳಿ. ಅವರ ನೋಂದಣಿ ಪತ್ರ ಗೋಡೆ ಮೇಲೆ ತೂಗುಹಾಕಿರುತ್ತಾರೆ. ಮೊದಲು ಕೊಟ್ಟ ಅಂಗಡಿಗೇ ಹೋದರೆ ಇನ್ನೂ ಒಳ್ಳೆಯದು, ಅವರು ಮೂಲ ಚೀಟಿ ನೋಡಿದವರು.

ಅಮ್ಮ ಬೇರೆ ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಾರೆಯೇ ಅಂತಲೂ ಅವರಿಗೆ ಹೇಳಿ. ಉರಿಮೂತ್ರಕ್ಕೋ ಭೇದಿಗೋ ಊರಲ್ಲಿ ಕೊಡುವ ಕೋ-ಟ್ರೈಮೊಕ್ಸಜೋಲ್ ಅನ್ನುವ ಸಲ್ಫಾ ಗುಳಿಗೆ ಇದರ ಜೊತೆ ಸೇರಿದರೆ ರಕ್ತದ ಕಣ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೈಕೈ ನೋವಿನ ಗುಳಿಗೆಯನ್ನೂ ಕೇಳದೆ ಸೇರಿಸಬಾರದು. ಟೈಪ್ ಮಾಡಿದ ನಾಲ್ಕು ಸಾಲಿನಲ್ಲಿ ಇದು ಎಲ್ಲೂ ಕಾಣುವುದಿಲ್ಲ.

---

ಕುಷ್ಟಗಿ_ಅಕ್ಕ · ರಾತ್ರಿ 9:04

ಫೋಟೊ ನಿಜವಾಗ್ಲೂ ಹೋಗೈತೇನು ಅಂತ ಯಾರೂ ಕೇಳಲೇ ಇಲ್ಲ. ಗೂಗಲ್ ಫೋಟೋಸ್‌ನಾಗ ಬ್ಯಾಕಪ್ ಆಗಿದ್ರ, ಅಳಿಸಿದ ಮ್ಯಾಲೂ ಕಸದ ಡಬ್ಬ್ಯಾಗ 60 ದಿನ ಇರತೈತಿ. ಅದೇ ಖಾತೆಯಿಂದ ಲಾಗಿನ್ ಆಗಿ ನೋಡ್ರಿ. ವಾಟ್ಸಾಪ್‌ನಾಗ ಯಾರಿಗಾದ್ರೂ ಕಳಿಸಿದ್ರ ಅವರ ಫೋನಿನಾಗ ಇರತೈತಿ, ಒಂದೇ ಸಲ ನೋಡೋ ಹಂಗ ಕಳಿಸಿದ್ರ ಮಾತ್ರ ಉಳಿಯಂಗಿಲ್ಲ. ಅಂಗಡಿಯಾವ್ರಿಗೆ ಫೋಟೊ ಕಳಿಸಿ ಗುಳಿಗಿ ತರಿಸಿದ್ರೇನು?

---

ಗಂಗಾವತಿ_ಗದ್ದೆ · ರಾತ್ರಿ 9:16

ಬ್ಯಾಕಪ್ ಆಫ್ ಇತ್ತು ಅಕ್ಕ, ಈಗ ನೋಡಿದೆ, ಖಾಲಿ. ಅಂಗಡಿಗೆ ಕಾಗದವನ್ನೇ ಒಯ್ದಿದ್ದೆವು. ಅಕ್ಕನಿಗೂ ಟೈಪ್ ಮಾಡಿ ಕಳಿಸಿದೆನೇ ಹೊರತು ಫೋಟೊ ಕಳಿಸಲಿಲ್ಲ. ಫೋಟೊ ಕಳಿಸಿದರೆ ಓದಲು ಬರುವುದಿಲ್ಲ ಅಂತ ನಾನೇ ಟೈಪ್ ಮಾಡಿದ್ದು.

---

ಬಿಸಿಲೂರು_ರಾಯಚೂರು · ರಾತ್ರಿ 9:22

ನಮ್ಮ ಕಡಿ ಹಳೇ ಸ್ಟ್ರಿಪ್ ತೋರಿಸಿದ್ರ ಗುಳಿಗಿ ಕೊಡ್ತಾರ. ಸೋಮವಾರದ್ದು ಅಂತ ತಿಳೀತಲ್ಲ, ಆ ತುಂಡು ಒಯ್ದು ಇನ್ನ ನಾಕು ತಗೊಂಡ್ರ ಆತು. ಬಳ್ಳಾರಿಗೆ ಮತ್ತ ಹೋಗಿ ಬರೋದು ಒಂದು ದಿನದ ಕೂಲಿ.

---

ಗುಳಿಗಿ_ಲೆಕ್ಕ · ರಾತ್ರಿ 9:40

ಕೊಡುವವರಿದ್ದಾರೆ, ಗೊತ್ತು. ಈ ಔಷಧದಲ್ಲಿ ಹಾಗೆ ಮಾಡಬೇಡಿ ಅನ್ನಲು ಎರಡು ಕಾರಣ. ಒಂದು, ಆ ತುಂಡಿನ ಮೇಲೆ ಪೂರ್ತಿ ಹೆಸರೇ ಇಲ್ಲ, "...ax 7" ಅಂತಷ್ಟೇ ಇದೆ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ತಾರೀಖು ಇರುವ ತುದಿ ಕೊಡಿ ಅಂತ ಕೇಳಬೇಕು. ಎರಡನೆಯದು, ಮೆಥೋಟ್ರೆಕ್ಸೇಟ್ ಶುರುವಿನಲ್ಲಿ 7.5 ಕೊಟ್ಟು, ರಕ್ತ ಪರೀಕ್ಷೆ ನೋಡಿ ಮುಂದೆ ಹೆಚ್ಚಿಸುವುದು ಸಾಮಾನ್ಯ. ರಕ್ತದ ಕಣ, ಲಿವರ್, ಕಿಡ್ನಿ ಮೂರನ್ನೂ ನೋಡುತ್ತಾರೆ. ಚೀಟಿಯಲ್ಲಿ ಒಂದು ತಿಂಗಳು ಅಂತ ಇದ್ದದ್ದು ಗುಳಿಗೆ ಮುಗಿಯುವ ಲೆಕ್ಕ ಮಾತ್ರ ಅಲ್ಲ, ತಿರುಗಿ ಬಂದು ತೋರಿಸಿ ಅನ್ನುವುದೂ ಹೌದು.

ಬಳ್ಳಾರಿಗೆ ಹೋಗಲೇಬೇಕು ಅಂತೇನಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿ, ಅಮ್ಮನ ಹೆಸರು, ತೋರಿಸಿದ ತಾರೀಖು, ಹೊರರೋಗಿ ನಂಬರ್ ಹೇಳಿ. ನೆನೆದ ಚೀಟಿಯಲ್ಲಿ ಮೇಲಿನ ಅಚ್ಚಾದ ಭಾಗ ಕದಡಿರುವುದಿಲ್ಲ, ನಂಬರ್ ಅಲ್ಲೇ ಸಿಗಬಹುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಡಾಕ್ಟರ್ ತಾವು ಸಹಿ ಮಾಡಿದ ಚೀಟಿಯ ಫೋಟೊ ಮೆಸೇಜಿನಲ್ಲಿ ಕಳಿಸಬಹುದು. ಅದು ನಡೆಯುತ್ತದೆ. ಮಾತಾಡುವಾಗ ಮುಚ್ಚುಮರೆ ಇಲ್ಲದೆ ಎರಡೇ ಕೇಳಿ: ಮೆಥೋಟ್ರೆಕ್ಸೇಟ್ ವಾರಕ್ಕೆ ಯಾವ ದಿನ, ಫೋಲಿಕ್ ಆಸಿಡ್ ಯಾವ ಯಾವ ದಿನ. ಅವರು ಹೇಳಿದ್ದನ್ನು ನೀವು ತಿರುಗಿ ಅವರಿಗೇ ಓದಿ ಹೇಳಿ. "ಸೋಮವಾರ ಒಂದು" ಅಂತಷ್ಟೇ ಅಲ್ಲ, "ವಾರಕ್ಕೆ ಒಂದೇ, ಸೋಮವಾರ" ಅಂತ.

---

ಸಿರುಗುಪ್ಪ_ಡಿಟಿಪಿ · ರಾತ್ರಿ 9:51

ಗೋಡೆಗೆ ಹಾಕೋದು ಆಮೇಲೆ ಮಾಡಿಕೊಡ್ತೀನಿ. ಸಂತೆ ದಿನ ಅಂತ ಬರೀಲಾ ಸೋಮವಾರ ಅಂತ ಬರೀಲಾ?

---

ಕುಷ್ಟಗಿ_ಅಕ್ಕ · ರಾತ್ರಿ 9:57

ಎರಡೂ ಬರೀರಿ. ಅವ್ವಗ ಸಂತಿ ಅಂದ್ರ ನೆನಪಿರತೈತಿ. ಆದ್ರ ಹಬ್ಬಕ್ಕ, ಚುನಾವಣಿಗೆ ಸಂತಿ ಒಂದಿನ ಮುಂದ ಹಿಂದ ಆಗತೈತಿ, ಆ ವಾರ ಎರಡು ಸಲ ನುಂಗಿಬಿಟ್ರ? ಬರೇ ಸಂತಿ ಅಂತ ಬರೀಬ್ಯಾಡ್ರಿ.

---

ಗುಳಿಗಿ_ಲೆಕ್ಕ · ರಾತ್ರಿ 10:02

ಅಕ್ಕನವರು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಸೋಮವಾರ ದೊಡ್ಡದಾಗಿ ಇರಲಿ, ಸಂತೆ ಪಕ್ಕದಲ್ಲಿ ಸಣ್ಣದಾಗಿ. ಎರಡು ಹಳದಿಯನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಸೋಮವಾರದ ಗುಳಿಗೆ ಅಕ್ಕನ ಹತ್ತಿರವೇ ಇದ್ದು ಆ ದಿನ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು.

---

ಗಂಗಾವತಿ_ಗದ್ದೆ · ಶನಿವಾರ, ಬೆಳಿಗ್ಗೆ 11:20

ಅಂಗಡಿಯ ಫಾರ್ಮಾಸಿಸ್ಟ್ ಟಿಪ್ಪಣಿ ನೋಡಿದರು. ಬಿಲ್ಲನ್ನು ಅವರ ಕಂಪ್ಯೂಟರಿನಲ್ಲಿ ತೆಗೆದು, ವಾರಕ್ಕೊಂದು ಅಂತಲೇ ಕೊಟ್ಟದ್ದು ಅಂದರು. ಫೋಲ್ವೈಟ್ ಬಗ್ಗೆ ಮಾತ್ರ "ಚೀಟಿಯಲ್ಲಿ ಸೋಮವಾರ ಬಿಟ್ಟು ಅಂತ ಇತ್ತು ಅನ್ನಿಸುತ್ತದೆ, ಆದರೆ ಪ್ರಮಾಣ ಮಾಡಿ ಹೇಳಲಾರೆ" ಅಂದರು. ಕ್ಲಿನಿಕ್ಕಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಡಾಕ್ಟರ್ ಸೋಮವಾರ ಮಧ್ಯಾಹ್ನದ ನಂತರ ಸಿಗುತ್ತಾರಂತೆ. ಸೋಮವಾರ ಬೆಳಿಗ್ಗೆ ಉಳಿದ ಒಂದು ಗುಳಿಗೆ ಕೊಡಲೋ ಬೇಡವೋ?

---

ಗುಳಿಗಿ_ಲೆಕ್ಕ · ಶನಿವಾರ, ಬೆಳಿಗ್ಗೆ 11:45

ಡಾಕ್ಟರ್ ಜೊತೆ ಮಾತಾಡುವ ತನಕ ತೆಗೆದಿಡಿ. ವಾರದ ಗುಳಿಗೆ ಬೆಳಿಗ್ಗೆಯ ಬದಲು ಸಂಜೆ ಆದರೆ, ಮಂಗಳವಾರ ಆದರೂ ತೊಂದರೆ ಇಲ್ಲ. ತಡವಾಯಿತು ಅಂತ ಎರಡು ಗುಳಿಗೆ ಒಟ್ಟಿಗೆ ಕೊಡಬಾರದು. ಫೋಲ್ವೈಟ್ ಸೋಮವಾರ ಈವರೆಗೆ ಬಿಟ್ಟಂತೆ ಬಿಡಿ, ಉಳಿದವು ಎಂದಿನಂತೆ. ಫೋನ್ ಮಾಡುವಾಗ ರಕ್ತ ಪರೀಕ್ಷೆ ಯಾವಾಗ ಅಂತಲೂ ಕೇಳಿ, ಹೊಸ ಚೀಟಿ ಬಂದ ತಕ್ಷಣ ಫೋಟೊವನ್ನು ಅಕ್ಕನ ಫೋನಿಗೂ ಕಳಿಸಿ. ಈ ಸಲ ಟೈಪ್ ಮಾಡಿ ಅಲ್ಲ.